ಅಂಟಿಸಿದ ಸೈಕಲ್ಲು ಓಡಬೇಕಾದರೆ

ಒಂದು ಫೋಟೋದಿಂದ ಕತ್ತರಿಸಿ ತೆಗೆದ ಸೈಕಲ್ ಸವಾರನನ್ನು ಬೇರೊಂದು ಬೀದಿಯ ಫೋಟೋದಲ್ಲಿ ಕೂರಿಸಿದಾಗ, ಅಳತೆ ಸರಿಹೋಗಿ, ಬೆಳಕು ಹೊಂದಿ, ನೆರಳು ಬಿದ್ದ ಮೇಲೂ ಆ ಸವಾರ ನಿಂತೇ ಇರುವಂತೆ ಕಾಣುವುದುಂಟು. ಸುತ್ತಲಿನ ಸ್ಕೂಟರು, ಬಸ್ಸುಗಳ ಅಂಚು ತುಸು ಕರಗಿರುತ್ತದೆ. ಇವನೊಬ್ಬನ ಚಕ್ರದ ಕಡ್ಡಿಗಳನ್ನು ಮಾತ್ರ ಬೆರಳಿಟ್ಟು ಎಣಿಸಬಹುದು. ಕೊರತೆ ಇರುವುದು ಚಲನೆಯ ಮಸುಕಿನಲ್ಲಿ. ಅದನ್ನು ಸೇರಿಸಲು ಫೋಟೋಶಾಪ್, ಗಿಂಪ್ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧ ಫಿಲ್ಟರುಗಳಿವೆ. ಆದರೆ ಫಿಲ್ಟರು ಕೇಳುವ ಎರಡು ಸಂಖ್ಯೆಗಳನ್ನು, ಅಂದರೆ ಮಸುಕಿನ ಉದ್ದ ಮತ್ತು ಕೋನವನ್ನು, ಕಣ್ಣಂದಾಜಿನಲ್ಲಿ ಕೊಟ್ಟರೆ ಸವಾರ ಓಡುವ ಬದಲು ಅಡ್ಡಡ್ಡ ಜಾರುತ್ತಾನೆ. ಎರಡೂ ಸಂಖ್ಯೆಗಳು ಬೀದಿಯ ಚಿತ್ರದೊಳಗೇ ಇರುತ್ತವೆ, ಅಳೆದು ತೆಗೆಯಬೇಕು.

ಕ್ಯಾಮೆರಾದ ಷಟರ್ ತೆರೆದಿರುವಷ್ಟು ಹೊತ್ತು ಬೆಳಕು ಒಳಗೆ ಬೀಳುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ವಸ್ತು ಎಷ್ಟು ದೂರ ಸರಿಯಿತೋ ಅಷ್ಟು ಉದ್ದದ ಗೀರು ಚಿತ್ರದಲ್ಲಿ ಉಳಿಯುತ್ತದೆ. ಹೊತ್ತು ತೀರಾ ದೀರ್ಘವಾದರೆ ವಸ್ತುವೇ ಮಾಯವಾಗುತ್ತದೆ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಸೆರೆಹಿಡಿದಾಗ ಬೆಳಕು ಬೀಳಲು ಕೆಲವು ನಿಮಿಷಗಳೇ ಬೇಕಾಗಿದ್ದವು. ಓಡಾಡುತ್ತಿದ್ದ ಗಾಡಿ, ಜನ ಯಾರೂ ಅದರಲ್ಲಿ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನ ಆಕೃತಿ ಮಾತ್ರ ಉಳಿಯಿತು. ಸುಮಾರು ಒಂದು ಶತಮಾನದ ನಂತರ, 1932ರಲ್ಲಿ, ಆನ್ರಿ ಕಾರ್ತಿಯೇ-ಬ್ರೆಸೋಂ ಫ್ರಾನ್ಸಿನ ಇಯೇರ್ ಪಟ್ಟಣದಲ್ಲಿ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಬೀದಿಯ ಫೋಟೋ ತೆಗೆದರು. ಅದರಲ್ಲಿ ಮೆಟ್ಟಿಲು, ಕಂಬಿಗಳು ಚೊಕ್ಕವಾಗಿವೆ, ಹಾದುಹೋಗುವ ಸೈಕಲ್ ಸವಾರ ಮಾತ್ರ ಮಸುಕಾಗಿದ್ದಾನೆ. ಸವಾರನ ಮಸುಕು ಎಷ್ಟಿರಬೇಕು ಎಂದು ತಿಳಿಯಬಯಸುವವರು ಆ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಆಕೃತಿ ಕರಗಿದೆ, ಆದರೆ ಅದು ಸೈಕಲ್ಲೆಂಬುದರಲ್ಲಿ ಅನುಮಾನವಿಲ್ಲ.

ಕೆಲಸ ಶುರುವಾಗುವುದು ಸವಾರನಿಂದಲ್ಲ, ಬೀದಿಯ ಚಿತ್ರದಿಂದ. ಮೊದಲು ತಿಳಿಯಬೇಕಾದದ್ದು ಷಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದು. ಮೊಬೈಲಿನಲ್ಲಾಗಲಿ ಕ್ಯಾಮೆರಾದಲ್ಲಾಗಲಿ ತೆಗೆದ ಮೂಲ ಫೈಲಿನಲ್ಲಿ ಇದು ದಾಖಲಾಗಿರುತ್ತದೆ. ಗ್ಯಾಲರಿಯಲ್ಲಿ ಚಿತ್ರದ ವಿವರಗಳನ್ನು ತೆರೆದರೆ 1/60 ಅಥವಾ 1/1000 ಎಂಬಂಥ ಭಿನ್ನರಾಶಿ ಕಾಣುತ್ತದೆ, ಅದು ಸೆಕೆಂಡಿನ ಲೆಕ್ಕ. ವಾಟ್ಸಾಪಿನಲ್ಲಿ ಫೋಟೋವಾಗಿ ಬಂದ ಪ್ರತಿಯಲ್ಲಿ ಈ ವಿವರ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಆಗ ಬೀದಿಯಲ್ಲಿ ಮೊದಲೇ ಇರುವ ವಾಹನಗಳೇ ಸಾಕ್ಷಿ. ಅದೇ ರಸ್ತೆಯಲ್ಲಿ ಅದೇ ದಿಕ್ಕಿಗೆ ಹೋಗುತ್ತಿರುವ ಸ್ಕೂಟರಿನ ಹಿಂದಿನ ದೀಪ ಚುಕ್ಕೆಯಾಗಿದೆಯೋ ಗೀರಾಗಿದೆಯೋ, ಗೀರಾದರೆ ದೀಪದ ನಿಜವಾದ ಅಗಲಕ್ಕಿಂತ ಎಷ್ಟು ಉದ್ದ ಎಂದು ನೋಡಿದರೆ ಒಂದು ಅಂದಾಜು ಸಿಗುತ್ತದೆ.

ಇನ್ನೊಂದು ಪರೀಕ್ಷೆಯೂ ಈಗಲೇ ಮುಗಿಯಬೇಕು. ಗೋಡೆ, ಕಂಬ, ಅಂಗಡಿಯ ಬೋರ್ಡು ಇವೆಲ್ಲ ಚೊಕ್ಕವಾಗಿವೆಯೇ? ಅವೇ ಅಡ್ಡಕ್ಕೆ ಎಳೆದಂತಿದ್ದು ಒಂದು ವಾಹನ ಮಾತ್ರ ಸ್ಪಷ್ಟವಾಗಿದ್ದರೆ, ಫೋಟೋ ತೆಗೆದವರು ಆ ವಾಹನದ ಜೊತೆಗೆ ಕ್ಯಾಮೆರಾವನ್ನೂ ತಿರುಗಿಸಿದ್ದಾರೆ ಎಂದರ್ಥ. ಅಂಥ ಚಿತ್ರದಲ್ಲಿ ಲೆಕ್ಕವೆಲ್ಲ ತಲೆಕೆಳಗು. ಆ ವಾಹನದ ಪಕ್ಕದಲ್ಲೇ ಅದೇ ವೇಗದಲ್ಲಿ ಸಾಗುವ ಸವಾರನಿಗೆ ಮಸುಕೇ ಬೇಡ. ಎದುರು ದಿಕ್ಕಿನಿಂದ ಬರುವವನಿಗೆ ಗೋಡೆಗಿಂತಲೂ ಹೆಚ್ಚು ಮಸುಕು ಬೇಕು. ಮುಂದಿನ ವಿವರಣೆಯೆಲ್ಲ ಕ್ಯಾಮೆರಾ ಅಲುಗದೆ ನಿಂತಿದ್ದ ಚಿತ್ರಕ್ಕೆ ಸಂಬಂಧಿಸಿದ್ದು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಮೈಸೂರಿನ ಒಂದು ಅಗಲವಾದ ನೇರ ರಸ್ತೆ, ಮುಸ್ಸಂಜೆಯ ಹೊತ್ತು. ಮೊಬೈಲಿನಲ್ಲಿ ತೆಗೆದ ಚಿತ್ರ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಷಟರ್ 1/60 ಸೆಕೆಂಡು. ಅದರೊಳಗೆ ಕ್ಯಾಮೆರಾದಿಂದ ಹತ್ತು ಮೀಟರ್ ದೂರದಲ್ಲಿ ಒಬ್ಬ ಸವಾರನನ್ನು ಸೇರಿಸಬೇಕು. ಪೇಟೆಯಲ್ಲಿ ಆರಾಮವಾಗಿ ಸೈಕಲ್ ತುಳಿಯುವವರ ವೇಗ ಗಂಟೆಗೆ 15 ಕಿಲೋಮೀಟರ್ ಎಂದರೆ ತಪ್ಪಾಗದು. ಅದು ಸೆಕೆಂಡಿಗೆ ಸುಮಾರು 4.2 ಮೀಟರ್. ಅರವತ್ತನೇ ಒಂದು ಸೆಕೆಂಡಿನಲ್ಲಿ ಸೈಕಲ್ಲು 7 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ.

ಈ 7 ಸೆಂಟಿಮೀಟರನ್ನು ಪಿಕ್ಸೆಲ್ಲಿಗೆ ಬದಲಾಯಿಸಲು ಅಳತೆಗೋಲು ಬೇಕು. ಅದು ಸೈಕಲ್ಲಿನಲ್ಲೇ ಇದೆ. ದೊಡ್ಡವರ ಸೈಕಲ್ಲಿನ ಚಕ್ರ ಟೈರೂ ಸೇರಿ ಹೆಚ್ಚುಕಡಿಮೆ 68 ಸೆಂಟಿಮೀಟರ್ ಎತ್ತರವಿರುತ್ತದೆ. ಬೀದಿಯಲ್ಲಿ ಸರಿಯಾದ ಅಳತೆಗೆ ಕೂರಿಸಿದ ಮೇಲೆ ಚಕ್ರದ ಎತ್ತರ 204 ಪಿಕ್ಸೆಲ್ ಬಂದರೆ, ಆ ಜಾಗದಲ್ಲಿ ಒಂದು ಮೀಟರೆಂದರೆ 300 ಪಿಕ್ಸೆಲ್. ಚಕ್ರದ ಅಗಲವನ್ನು ಅಳೆಯಬಾರದು. ಸೈಕಲ್ಲು ಓರೆಯಾಗಿ ನಿಂತಿದ್ದರೆ ಅಗಲ ಕುಗ್ಗಿರುತ್ತದೆ, ಎತ್ತರ ಕುಗ್ಗುವುದಿಲ್ಲ. ಕಾರು, ಆಟೋಗಳಿಗೂ ಇದೇ ಉಪಾಯ ನಡೆಯುತ್ತದೆ, ಅವುಗಳ ಚಕ್ರದ ನಿಜ ಅಳತೆ ಗೊತ್ತಿದ್ದರೆ ಸಾಕು.

ಸವಾರ ರಸ್ತೆಯನ್ನು ಅಡ್ಡ ದಾಟುತ್ತಿದ್ದಾನೆ, ಅಂದರೆ ನೋಡುವವರ ಕಣ್ಣಿಗೆ ಎಡದಿಂದ ಬಲಕ್ಕೆ ನೇರವಾಗಿ ಹೋಗುತ್ತಿದ್ದಾನೆ ಎಂದಾದರೆ ಲೆಕ್ಕ ಇಲ್ಲಿಗೇ ಮುಗಿಯಿತು. 0.07 ಮೀಟರನ್ನು 300ರಿಂದ ಗುಣಿಸಿದರೆ 21 ಪಿಕ್ಸೆಲ್. ಫೋಟೋಶಾಪಿನ `Motion Blur` ಫಿಲ್ಟರಿನಲ್ಲಿ ಕೋನ ಸೊನ್ನೆ, ದೂರ 21 ಎಂದು ಕೊಟ್ಟರೆ ದೇಹದ ಮಟ್ಟಿಗೆ ಕೆಲಸವಾಯಿತು. ಗಿಂಪ್‌ನಲ್ಲಿ ಇದೇ ಕೆಲಸಕ್ಕೆ `Linear Motion Blur` ಇದೆ. ಹೊಸದಾಗಿ ಕಲಿತವರು ಇಂಥ ಕಡೆ 80, 100 ಎಂದು ಕೊಡುವುದು ಹೆಚ್ಚು. ನೂರು ಪಿಕ್ಸೆಲ್ಲಿನ ಮಸುಕು ಬರಬೇಕಾದರೆ ಆ ಸೈಕಲ್ಲು ಗಂಟೆಗೆ 70 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತಿರಬೇಕು.

ಆದರೆ ಬೀದಿಯ ಚಿತ್ರಗಳಲ್ಲಿ ಹೆಚ್ಚಿನವು ರಸ್ತೆಯ ಉದ್ದಕ್ಕೆ ನೋಡುತ್ತಾ ತೆಗೆದವು. ಸವಾರ ಅಡ್ಡ ದಾಟುವುದಿಲ್ಲ, ನಮ್ಮತ್ತ ಬರುತ್ತಾನೆ ಅಥವಾ ನಮ್ಮಿಂದ ದೂರ ಹೋಗುತ್ತಾನೆ. ಕೋನದ ಪ್ರಶ್ನೆ ತೊಡಕಾಗುವುದು ಇಲ್ಲಿಯೇ. ನೇರ ರಸ್ತೆಯ ಎರಡು ಅಂಚುಗಳು, ನಡುವಿನ ಬಿಳಿ ಪಟ್ಟೆ, ಫುಟ್‌ಪಾತಿನ ಕಲ್ಲುಸಾಲು, ಕಟ್ಟಡಗಳ ಸಜ್ಜಾದ ಗೆರೆ ಇವೆಲ್ಲ ನಿಜದಲ್ಲಿ ಸಮಾನಾಂತರ. ಚಿತ್ರದಲ್ಲಿ ಮಾತ್ರ ದೂರ ಹೋದಂತೆ ಒಂದೇ ಬಿಂದುವಿನತ್ತ ಕೂಡುತ್ತವೆ. ಚಿತ್ರಕಲೆ ಕಲಿತವರು ವ್ಯಾನಿಶಿಂಗ್ ಪಾಯಿಂಟ್ ಎನ್ನುವ ಈ ಕೂಡುಬಿಂದು, ರಸ್ತೆ ಸಮತಟ್ಟಾಗಿದ್ದರೆ, ದಿಗಂತದ ಗೆರೆಯ ಮೇಲೆಯೇ ಇರುತ್ತದೆ. ಹೊಸ ಲೇಯರಿನಲ್ಲಿ ರಸ್ತೆಯ ಎರಡು ಅಂಚುಗಳಿಗೆ ಗೆರೆ ಎಳೆದು ಮುಂದುವರಿಸಿದರೆ ಅವು ಸಂಧಿಸುವ ಜಾಗವೇ ಅದು.

ರಸ್ತೆಯ ಉದ್ದಕ್ಕೆ ಚಲಿಸುವ ಸೈಕಲ್ಲಿನ ಪ್ರತಿಯೊಂದು ಬಿಂದುವೂ ರಸ್ತೆಗೆ ಸಮಾನಾಂತರವಾಗಿ ಸಾಗುತ್ತದೆ. ಹಾಗಾಗಿ ಪ್ರತಿಯೊಂದು ಬಿಂದುವಿನ ಗೀರೂ ಅದೇ ಕೂಡುಬಿಂದುವಿನತ್ತ ಮುಖ ಮಾಡಿರಬೇಕು. ಉಳಿದೆಲ್ಲ ನಿಯಮಗಳೂ ಹುಟ್ಟುವುದು ಇದೊಂದರಿಂದ. ಇದರ ಪರಿಣಾಮ ಮೊದಲ ನೋಟಕ್ಕೆ ಹೊಳೆಯುವುದಿಲ್ಲ: ಒಂದೇ ಸವಾರನ ದೇಹದಲ್ಲಿ ತಲೆಯ ಗೀರು ಒಂದು ಕೋನದಲ್ಲಿ, ಚಕ್ರದ ಗೀರು ಇನ್ನೊಂದು ಕೋನದಲ್ಲಿ ಇರುತ್ತದೆ.

ಮೈಸೂರಿನ ಉದಾಹರಣೆಯನ್ನೇ ಮುಂದುವರಿಸಿದರೆ ಇದು ಸ್ಪಷ್ಟವಾಗುತ್ತದೆ. ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿತ್ತು, ರಸ್ತೆಯ ನೇರಕ್ಕೆ ನೋಡುತ್ತಿತ್ತು. ಸವಾರ ಕ್ಯಾಮೆರಾದ ನೇರಕ್ಕಿಂತ ಎರಡು ಮೀಟರ್ ಎಡಕ್ಕೆ ಇದ್ದಾನೆ. ಮೀಟರಿಗೆ 300 ಪಿಕ್ಸೆಲ್ ಎಂದರೆ ಅವನು ಕೂಡುಬಿಂದುವಿನಿಂದ 600 ಪಿಕ್ಸೆಲ್ ಎಡಕ್ಕೆ, ಅವನ ಟೈರು ನೆಲ ಮುಟ್ಟುವ ಜಾಗ ದಿಗಂತಕ್ಕಿಂತ 450 ಪಿಕ್ಸೆಲ್ ಕೆಳಕ್ಕೆ. ಅಲ್ಲಿಂದ ಕೂಡುಬಿಂದುವಿಗೆ ಗೆರೆ ಎಳೆದರೆ ಅದರ ಉದ್ದ 750 ಪಿಕ್ಸೆಲ್, ಓರೆ ಸುಮಾರು 37 ಡಿಗ್ರಿ. ಅವನ ತಲೆಯಾದರೋ ಹೆಚ್ಚುಕಡಿಮೆ ಕ್ಯಾಮೆರಾದ ಎತ್ತರಕ್ಕೇ, ಅಂದರೆ ದಿಗಂತದ ಗೆರೆಯ ಹತ್ತಿರಕ್ಕೇ ಇದೆ. ಅಲ್ಲಿಂದ ಎಳೆದ ಗೆರೆ ಬಹುತೇಕ ಅಡ್ಡಕ್ಕೆ ಮಲಗಿರುತ್ತದೆ. ತಲೆಗೆ ಸೊನ್ನೆಯ ಆಸುಪಾಸು, ಚಕ್ರದ ಬುಡಕ್ಕೆ 37. ನಡುವಿನ ಸೊಂಟ, ಮೊಣಕಾಲುಗಳಿಗೆ ಇವೆರಡರ ನಡುವಿನ ಬೆಲೆಗಳು. ಒಂದೇ ಕೋನ ಕೇಳುವ ಫಿಲ್ಟರಿನಿಂದ ಇದು ಸಾಧ್ಯವಿಲ್ಲ. ಎಲ್ಲಕ್ಕೂ 37 ಕೊಟ್ಟರೆ ಸವಾರನ ತಲೆ ಆಕಾಶಕ್ಕೆ ಏರುತ್ತದೆ, ಎಲ್ಲಕ್ಕೂ ಸೊನ್ನೆ ಕೊಟ್ಟರೆ ಚಕ್ರಗಳು ಫುಟ್‌ಪಾತಿನತ್ತ ಜಾರುತ್ತವೆ.

ಉದ್ದದಲ್ಲೂ ವ್ಯತ್ಯಾಸವಿದೆ, ಅದಕ್ಕೊಂದು ಸರಳ ಸೂತ್ರವೂ ಇದೆ. ಹತ್ತು ಮೀಟರ್ ದೂರದಲ್ಲಿದ್ದವನು 7 ಸೆಂಟಿಮೀಟರ್ ಹತ್ತಿರ ಬಂದರೆ ದೂರದಲ್ಲಿ ಆದ ಬದಲಾವಣೆ ಸಾವಿರಕ್ಕೆ 7 ಭಾಗ. ಚಿತ್ರದಲ್ಲಿ ಆ ಬಿಂದು ಕೂಡುಬಿಂದುವಿನಿಂದ ಎಷ್ಟು ದೂರವಿದೆಯೋ ಆ ದೂರದ ಸಾವಿರಕ್ಕೆ 7 ಭಾಗವೇ ಗೀರಿನ ಉದ್ದ. ಟೈರಿನ ಬುಡಕ್ಕೆ 750ರಲ್ಲಿ ಸುಮಾರು 5 ಪಿಕ್ಸೆಲ್, ತಲೆಗೆ 600ರಲ್ಲಿ ಸುಮಾರು 4. ಅಡ್ಡ ದಾಟುವ ಸವಾರನಿಗೆ ಇದೇ ಜಾಗದಲ್ಲಿ 21 ಪಿಕ್ಸೆಲ್ ಬಂದಿತ್ತು. ಅದೇ ವೇಗ, ಅದೇ ಷಟರ್, ಅದೇ ದೂರ. ದಿಕ್ಕು ಬದಲಾದ ಮಾತ್ರಕ್ಕೆ ಮಸುಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯಿತು. ಎದುರಿನಿಂದ ಬರುವ ಸವಾರನಿಗೆ ಉದ್ದನೆಯ ಗೀರು ಹಾಕಿದ ಜೋಡಣೆಗಳು ಸುಳ್ಳೆಂದು ಕಾಣಲು ಇದೇ ಕಾರಣ.

ಈ ಸೂತ್ರಕ್ಕೆ ಸರಿಹೊಂದುವ ಫಿಲ್ಟರು ಗಿಂಪ್‌ನಲ್ಲಿ ಇದೆ, ಹೆಸರು `Zoom Motion Blur`. ಅದರ ಕೇಂದ್ರವನ್ನು ರಸ್ತೆಯ ಕೂಡುಬಿಂದುವಿನ ಮೇಲೆ ಇಟ್ಟು, ಪ್ರಮಾಣವನ್ನು 0.007 ಎಂದು ಬೆರಳಚ್ಚಿಸಿದರೆ ಪ್ರತಿ ಬಿಂದುವಿನ ಕೋನ, ಉದ್ದ ಎರಡೂ ತಾನಾಗಿ ಬರುತ್ತವೆ. ಆದರೆ ಮೊದಲು ಸವಾರನ ಲೇಯರನ್ನು `Layer to Image Size` ಕೊಟ್ಟು ಇಡೀ ಚಿತ್ರದಷ್ಟು ದೊಡ್ಡದು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಫಿಲ್ಟರಿನ ಕೇಂದ್ರ ಲೇಯರಿನ ಅಳತೆಗೆ ಸೀಮಿತವಾಗಿ, ಮಸುಕು ಸವಾರನ ಹೊಟ್ಟೆಯಿಂದ ಸಿಡಿದಂತೆ ಕಾಣುತ್ತದೆ. ಫೋಟೋಶಾಪಿನಲ್ಲಿ ಇದಕ್ಕೆ ಒದಗುವುದು `Blur Gallery` ಒಳಗಿನ `Path Blur`. ತಲೆಯ ಬಳಿ ಒಂದು, ಟೈರಿನ ಬುಡದಲ್ಲಿ ಒಂದು, ಹೀಗೆ ಎರಡು ಬಾಣಗಳನ್ನು ಎಳೆದು ಎರಡೂ ಕೂಡುಬಿಂದುವಿನ ನೇರಕ್ಕೆ ಇರುವಂತೆ ನೋಡಿಕೊಂಡರೆ, ನಡುವಿನ ಕೋನಗಳನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ಫಿಲ್ಟರು ಹಾಕುವ ಮೊದಲು ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಟ್ಟರೆ ಆಮೇಲೆ ಸಂಖ್ಯೆಗಳನ್ನು ತಿದ್ದಬಹುದು.

ತಿರುವಿನಲ್ಲಿ ಹೊರಳುತ್ತಿರುವ ವಾಹನಕ್ಕೆ ರಸ್ತೆಯ ಕೂಡುಬಿಂದು ಸಲ್ಲುವುದಿಲ್ಲ; ಅದಕ್ಕೆ ಅದರದೇ ಬಿಂದು ಇರುತ್ತದೆ. ಅದನ್ನು ಹುಡುಕುವ ದಾರಿ ಸುಲಭ. ಮುಂದಿನ ಮತ್ತು ಹಿಂದಿನ ಚಕ್ರಗಳು ನೆಲ ಮುಟ್ಟುವ ಎರಡು ಜಾಗಗಳನ್ನು ಸೇರಿಸಿ ಗೆರೆ ಎಳೆಯಬೇಕು, ಎರಡು ಹಬ್‌ಗಳನ್ನು ಸೇರಿಸಿ ಇನ್ನೊಂದು ಗೆರೆ. ಎರಡೂ ಸಂಧಿಸುವ ಜಾಗವೇ ಆ ವಾಹನ ಹೋಗುತ್ತಿರುವ ದಿಕ್ಕಿನ ಬಿಂದು, ಮಸುಕು ಸಾಗಬೇಕಾದದ್ದು ಅತ್ತ. ಹೊರಳುವ ಕೋನ ಹೆಚ್ಚಿದಂತೆ ಈ ಬಿಂದು ಪಕ್ಕಕ್ಕೆ ಸರಿಯುತ್ತಾ ಚಿತ್ರದ ಚೌಕಟ್ಟಿನಿಂದಾಚೆ ಹೋಗುತ್ತದೆ. ಪೂರ್ತಿ ಅಡ್ಡಲಾದಾಗ ಗೆರೆಗಳು ಎಲ್ಲೂ ಕೂಡುವುದಿಲ್ಲ, ಒಂದೇ ಕೋನದ ಸಾದಾ ಫಿಲ್ಟರು ಸಾಕಾಗುವುದು ಆಗ. ಷಟರ್ ತೆರೆದಿರುವ ಹೊತ್ತು ಎಷ್ಟು ಕಡಿಮೆಯೆಂದರೆ ತಿರುವಿನಲ್ಲಿಯೂ ಗೀರನ್ನು ನೇರವೆಂದೇ ಎಣಿಸಬಹುದು. ಬಾಗಿದ ಗೀರುಗಳು ಬೇಕಾಗುವುದು ರಾತ್ರಿಯ ದೀರ್ಘ ಎಕ್ಸ್‌ಪೋಷರಿನಲ್ಲಿ ಮಾತ್ರ.

ಇದೇ ಗೆರೆಗಳು ಇನ್ನೊಂದು ತಪ್ಪನ್ನೂ ಹಿಡಿದುಕೊಡುತ್ತವೆ. ರಸ್ತೆಯ ಉದ್ದಕ್ಕೆ ನೇರವಾಗಿ ಬರಬೇಕಾದ ಸೈಕಲ್ಲಿನ ಎರಡು ಗೆರೆಗಳು ಸಂಧಿಸುವ ಜಾಗ ರಸ್ತೆಯ ಕೂಡುಬಿಂದುವಿಗಿಂತ ಬಹಳ ಮೇಲೋ ಪಕ್ಕಕ್ಕೋ ಬಂದರೆ, ಸವಾರನ ಮೂಲ ಫೋಟೋ ಬೇರೆ ಎತ್ತರದಿಂದ ಅಥವಾ ಬೇರೆ ಕೋನದಿಂದ ತೆಗೆದದ್ದು. ಮಸುಕು ಹಾಕಿ ಸೈಕಲ್ಲನ್ನು ತಿರುಗಿಸಲಾಗದು. ಬೇರೆ ಫೋಟೋ ಹುಡುಕುವುದೊಂದೇ ದಾರಿ.

ದಿಕ್ಕು ಬದಲಿಸಲು ಸವಾರನನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೂರಿಸುವ ರೂಢಿಯಿದೆ. ಸೈಕಲ್ಲಿನ ಚೈನು ಸವಾರನ ಬಲಗಾಲಿನ ಬದಿಗಿರುತ್ತದೆ. ತಿರುಗಿಸಿದ ಚಿತ್ರದಲ್ಲಿ ಅದು ಎಡಕ್ಕೆ ಬರುತ್ತದೆ. ಸೈಕಲ್ ರಿಪೇರಿ ಮಾಡುವವರು ಒಂದೇ ನೋಟಕ್ಕೆ ಇದನ್ನು ಗುರುತಿಸುತ್ತಾರೆ. ಕಾರಾದರೆ ಸ್ಟಿಯರಿಂಗು ಎಡಕ್ಕೆ ಹೋಗುತ್ತದೆ, ನಂಬರ್ ಪ್ಲೇಟು ಉಲ್ಟಾ ಆಗುತ್ತದೆ. ಎಡಬದಿಯಲ್ಲೇ ವಾಹನ ಓಡಿಸುವ ನಮ್ಮ ರಸ್ತೆಗಳ ಚಿತ್ರದಲ್ಲಿ, ನಮ್ಮತ್ತ ಬರುವ ಸವಾರ ಚಿತ್ರದ ಬಲಭಾಗದಲ್ಲಿಯೂ ನಮ್ಮಿಂದ ದೂರ ಹೋಗುವವನು ಎಡಭಾಗದಲ್ಲಿಯೂ ಇರಬೇಕು. ಮೇಲಿನ ಉದಾಹರಣೆಯ ಸವಾರ ಎಡಕ್ಕಿದ್ದಾನೆ, ಆದ್ದರಿಂದ ಅವನ ಬೆನ್ನು ಕಾಣುವ ಫೋಟೋವೇ ಬೇಕು. ಅವನು ದೂರ ಹೋದರೂ ಹತ್ತಿರ ಬಂದರೂ ಗೀರಿನ ಲೆಕ್ಕ ಒಂದೇ.

ಒಂದೇ ಏಕೆಂದರೆ, ಮಸುಕಿಗೆ ಹಿಂದು ಮುಂದು ಇಲ್ಲ. ಎಡದಿಂದ ಬಲಕ್ಕೆ ಹೋದವನ ಗೀರು ಬಲದಿಂದ ಎಡಕ್ಕೆ ಹೋದವನ ಗೀರಿಗಿಂತ ಯಾವ ರೀತಿಯಲ್ಲೂ ಭಿನ್ನವಲ್ಲ. ಸವಾರ ಯಾವ ಕಡೆಗೆ ಹೋಗುತ್ತಿದ್ದಾನೆಂದು ತಿಳಿಸುವುದು ಅವನ ಮುಖ, ಹ್ಯಾಂಡಲ್ಲು, ರಸ್ತೆಯಲ್ಲಿ ಅವನಿರುವ ಬದಿ, ಮಸುಕಲ್ಲ. ಕಾಮಿಕ್ಸ್ ಓದಿ ಬೆಳೆದ ಕಣ್ಣು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಲ್ಲಿ ಓಡುವವನ ಬೆನ್ನ ಹಿಂದೆ ಮಾತ್ರ ಗೆರೆಗಳಿರುತ್ತವೆ. ಅದನ್ನೇ ನೆನಪಿಟ್ಟು ಸವಾರನ ಮುಂಭಾಗವನ್ನು ಚೊಕ್ಕವಾಗಿಟ್ಟು ಬೆನ್ನನ್ನು ಮಾತ್ರ ಎಳೆದರೆ, ಸಾದಾ ಬೆಳಕಿನಲ್ಲಿ ಯಾವ ಕ್ಯಾಮೆರಾವೂ ಕೊಡದ ಚಿತ್ರ ತಯಾರಾಗುತ್ತದೆ. ನಿಜವಾದ ಫೋಟೋದಲ್ಲಿ ಎದೆಯ ಅಂಚೂ ಬೆನ್ನಿನ ಅಂಚೂ ಒಂದೇ ಪ್ರಮಾಣದಲ್ಲಿ ಕರಗಿರುತ್ತವೆ. ಹಿಂದೆ ಮಾತ್ರ ಬಾಲ ಬರುವ ಒಂದು ಸಂದರ್ಭವಿದೆ: ಕತ್ತಲಲ್ಲಿ ಷಟರ್ ಬಹಳ ಹೊತ್ತು ತೆರೆದಿದ್ದು, ಮುಚ್ಚುವ ಮುನ್ನ ಫ್ಲಾಶ್ ಮಿಂಚಿದಾಗ. ಆಗ ಕೊನೆಯ ಕ್ಷಣದ ಆಕೃತಿ ಚೊಕ್ಕವಾಗಿ ಮೂಡಿ, ಅದುವರೆಗಿನ ಓಟ ಅದರ ಹಿಂದೆ ಉಳಿಯುತ್ತದೆ. `Path Blur`ನಲ್ಲಿ ಇದಕ್ಕೆಂದೇ `Rear Sync Flash` ಎಂಬ ಆಯ್ಕೆ ಇದೆ. ಬೀದಿಯ ಮೂಲ ಫೋಟೋ ಫ್ಲಾಶಿನಲ್ಲಿ ತೆಗೆದದ್ದಲ್ಲವಾದರೆ ಅದನ್ನು ಮುಟ್ಟಬಾರದು.

ದೇಹ ಮುಂದೆ ಸಾಗಿದರೆ ಚಕ್ರ ಸಾಗುವುದರ ಜೊತೆಗೆ ಉರುಳುತ್ತದೆ. ಉರುಳುವ ಚಕ್ರದ ತುದಿ ಸೈಕಲ್ಲಿನ ಎರಡು ಪಟ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಅದೇ ಗಳಿಗೆಯಲ್ಲಿ ನೆಲ ಮುಟ್ಟಿದ ಭಾಗ ನಿಶ್ಚಲ. ಅಡ್ಡ ದಾಟುವ ಸೈಕಲ್ಲಿನ ನಿಜ ಫೋಟೋಗಳಲ್ಲಿ ಕೆಳಗಿನ ಕಡ್ಡಿಗಳು ಕಾಣುತ್ತವೆ, ಮೇಲಿನವು ಬೂದು ತೆರೆಯಾಗಿರುತ್ತವೆ. ಎಷ್ಟು ತಿರುಗಿತು ಎಂಬ ಲೆಕ್ಕವೂ ಸುಲಭ. ಚಕ್ರದ ಸುತ್ತಳತೆ ಸುಮಾರು 2.14 ಮೀಟರ್, ಅದರಲ್ಲಿ 7 ಸೆಂಟಿಮೀಟರೆಂದರೆ ಒಂದು ಸುತ್ತಿನ ಮೂವತ್ತೊಂದನೇ ಒಂದು ಭಾಗ, ಸುಮಾರು 12 ಡಿಗ್ರಿ. 36 ಕಡ್ಡಿಗಳ ಚಕ್ರದಲ್ಲಿ ಕಡ್ಡಿಗಳ ನಡುವಿನ ಅಂತರ 10 ಡಿಗ್ರಿ, ಹಾಗಾಗಿ ಒಂದರ ಗೀರು ಮುಂದಿನದನ್ನು ಮುಟ್ಟುತ್ತದೆ.

ಫೋಟೋಶಾಪಿನ `Spin Blur` ಚಕ್ರದ ಮೇಲೆ ಅಂಡಾಕಾರದ ಬಳೆಯೊಂದನ್ನು ಕೂರಿಸಲು ಬಿಡುತ್ತದೆ, ಡಿಗ್ರಿಯಲ್ಲಿ ಪ್ರಮಾಣ ಕೇಳುತ್ತದೆ. ಓರೆಯಾದ ಚಕ್ರಕ್ಕೂ ಅದು ಹೊಂದುತ್ತದೆ. ಮೊದಲು 12 ಡಿಗ್ರಿ ತಿರುಗುವ ಮಸುಕು, ಆಮೇಲೆ ಇಡೀ ಸವಾರನಿಗೆ 21 ಪಿಕ್ಸೆಲ್ಲಿನ ನೇರ ಮಸುಕು ಎಂಬುದು ರೂಢಿಯ ಕ್ರಮ. ಇದರಲ್ಲೊಂದು ದೋಷವಿದೆ. ನಿಜದಲ್ಲಿ ಎರಡು ಚಲನೆಗಳೂ ಒಟ್ಟಿಗೇ ನಡೆಯುತ್ತವೆ, ಕೆಳಭಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದಾದ ಮೇಲೊಂದು ಹಾಕಿದ ಫಿಲ್ಟರುಗಳಿಗೆ ಈ ಸಂಬಂಧ ಗೊತ್ತಿಲ್ಲ. ಅವು ಕೆಳಗೂ ಮೇಲೂ ಮಸುಕನ್ನು ಒಂದೇ ಸಮ ಪೇರಿಸುತ್ತವೆ. ಆದ್ದರಿಂದ ಮಾಸ್ಕ್ ಹಾಕಿ, ಮೃದುವಾದ ಬ್ರಶ್ಶಿನಿಂದ, ಚಕ್ರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಚೊಕ್ಕ ಕಡ್ಡಿಗಳನ್ನು ಸ್ವಲ್ಪ ಮರಳಿ ತರಬೇಕು.

ಪಾದಗಳಿಗೂ ಇದೇ ಬಗೆಯ ವ್ಯತ್ಯಾಸ ಇದೆ. ನಿಮಿಷಕ್ಕೆ 50 ಸುತ್ತು ತುಳಿಯುವಾಗ 17 ಸೆಂಟಿಮೀಟರಿನ ಪೆಡಲ್ ಕೋಲಿನ ತುದಿ 1/60 ಸೆಕೆಂಡಿನಲ್ಲಿ ಒಂದೂವರೆ ಸೆಂಟಿಮೀಟರ್ ಸರಿಯುತ್ತದೆ. ಮೇಲಿರುವ ಪಾದಕ್ಕೆ ಅದು ಸೈಕಲ್ಲಿನ ಓಟಕ್ಕೆ ಕೂಡುತ್ತದೆ, ಕೆಳಗಿರುವ ಪಾದಕ್ಕೆ ಕಳೆಯುತ್ತದೆ: ಒಂದು 8.5 ಸೆಂಟಿಮೀಟರ್, ಇನ್ನೊಂದು 5.5. ಸಣ್ಣ ಚಿತ್ರದಲ್ಲಿ ಇಷ್ಟು ಸೂಕ್ಷ್ಮ ಬೇಕಿಲ್ಲ, ಪುಟ ತುಂಬುವ ಚಿತ್ರದಲ್ಲಿ ಬೇಕಾಗುತ್ತದೆ.

ಇನ್ನುಳಿದದ್ದು ಅಂಚು. ಓಡುವ ವಸ್ತುವಿನ ಅಂಚು ಷಟರ್ ತೆರೆದ ಹೊತ್ತಿನಲ್ಲಿ ಸ್ವಲ್ಪ ಸಮಯ ಹಿನ್ನೆಲೆಯನ್ನು ಮುಚ್ಚಿ, ಉಳಿದ ಸಮಯ ತೆರೆದಿರುತ್ತದೆ. ಹಾಗಾಗಿ ಅಂಚು ಅರೆಪಾರದರ್ಶಕ. ಅದರೊಳಗಿಂದ ಬೀದಿ ತುಸು ಕಾಣಬೇಕು. ಲೇಯರಿನ ಖಾಲಿ ಭಾಗವನ್ನು ಲಾಕ್ ಮಾಡಿಟ್ಟು ಅಥವಾ ಆಯ್ಕೆಯ ಗೆರೆಯನ್ನು ಬಿಡದೆ ಫಿಲ್ಟರು ಹಾಕಿದರೆ ಮಸುಕು ಆಕೃತಿಯ ಒಳಗೇ ಸಿಕ್ಕಿಬೀಳುತ್ತದೆ. ಒಳಗೆಲ್ಲ ಕರಗಿದ ಬಣ್ಣ, ಹೊರಗೆ ಕತ್ತರಿಯಂತೆ ಹರಿತವಾದ ಅಂಚು. ಕಳಪೆ ಜೋಡಣೆಯ ಅತಿ ಸಾಮಾನ್ಯ ಗುರುತು ಇದೇ. ನೆರಳೂ ಸವಾರನ ಜೊತೆ ಓಡುತ್ತದೆ, ಆದ್ದರಿಂದ ನೆಲದ ಮೇಲಿನ ನೆರಳಿಗೂ ಅದೇ ಕೂಡುಬಿಂದುವಿನತ್ತ ಅದೇ ಮಸುಕು ಸಲ್ಲಬೇಕು.

ಬೆಳಕಿನ ಲೆಕ್ಕದಲ್ಲಿಯೂ ಒಂದು ಮೋಸ ಅಡಗಿದೆ. ಸಾಮಾನ್ಯ ಫೋಟೋ ಫೈಲಿನ ಸಂಖ್ಯೆಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ. ಅಚ್ಚ ಬಿಳಿ 255, ಕಪ್ಪು 0. ಅರ್ಧ ಹೊತ್ತು ಬಿಳಿ, ಅರ್ಧ ಹೊತ್ತು ಕಪ್ಪು ಬಿದ್ದ ಜಾಗ ಕ್ಯಾಮೆರಾದಲ್ಲಿ ಸುಮಾರು 188 ಆಗಬೇಕು. ಸಾದಾ ಫಿಲ್ಟರು ಎರಡರ ಸರಾಸರಿ ತೆಗೆದು 128 ಮಾಡುತ್ತದೆ. ಬಿಳಿ ಅಂಗಿ, ಸ್ಟೀಲಿನ ಹ್ಯಾಂಡಲ್ಲು, ದೀಪ ಇವುಗಳ ಗೀರುಗಳು ಕೊಳೆಯಾದಂತೆ ಕಾಣುವುದು ಇದರಿಂದ. ಚಿತ್ರವನ್ನು 32 ಬಿಟ್‌ಗೆ ಬದಲಾಯಿಸಿ, ಗಿಂಪ್‌ನಲ್ಲಾದರೆ ಜೊತೆಗೆ `Linear light` ಆರಿಸಿ, ಆ ಸ್ಥಿತಿಯಲ್ಲಿ ಮಸುಕು ಹಾಕಿದರೆ ಗೀರುಗಳು ಬೆಳಗುತ್ತವೆ.

ಈ ತೊಡಕುಗಳನ್ನೆಲ್ಲ ಒಟ್ಟಿಗೆ ಬಿಡಿಸುವ ಇನ್ನೊಂದು ಮಾರ್ಗವಿದೆ, ಬೇಸರವಿಲ್ಲದವರಿಗೆ. ಕ್ಯಾಮೆರಾ ಮಾಡಿದ್ದನ್ನೇ ಮಾಡುವುದು. ಸವಾರನನ್ನು ಬೀದಿಯಲ್ಲಿ ಕೂರಿಸಿ ಒಂದು ಪ್ರತಿ ಉಳಿಸಬೇಕು. ಅವನನ್ನು ಒಂದು ಪಿಕ್ಸೆಲ್ಲಿನಷ್ಟು ಮುಂದೆ ಸರಿಸಿ, ಚಕ್ರಗಳನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಿರುಗಿಸಿ ಇನ್ನೊಂದು ಪ್ರತಿ. ಹೀಗೆ ಒಟ್ಟು 21 ಪಿಕ್ಸೆಲ್, 12 ಡಿಗ್ರಿ ಮುಗಿಯುವ ತನಕ. ಬಂದ ಇಪ್ಪತ್ತೆರಡು ಚಿತ್ರಗಳ ಸರಾಸರಿಯನ್ನು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಒಂದೇ ಸಾಲಿನ ಆಜ್ಞೆಯಲ್ಲಿ ಕೊಡುತ್ತದೆ:

```
magick frame_*.png -colorspace RGB -evaluate-sequence mean -colorspace sRGB out.png
```

ಇಲ್ಲಿ `-colorspace RGB` ಎಂಬುದು ಲೆಕ್ಕವನ್ನು ನಿಜ ಬೆಳಕಿನ ಪ್ರಮಾಣದಲ್ಲಿ ನಡೆಸುತ್ತದೆ, ಕೊನೆಯ ಭಾಗ ಚಿತ್ರವನ್ನು ಮಾಮೂಲಿ ರೂಪಕ್ಕೆ ಮರಳಿಸುತ್ತದೆ. ಚಕ್ರದ ಕೆಳಗಿನ ಕಡ್ಡಿಗಳು ತಾವಾಗಿಯೇ ಚೊಕ್ಕವಾಗಿ ಉಳಿಯುತ್ತವೆ, ಅಂಚು ಬೇಕಾದಷ್ಟೇ ಪಾರದರ್ಶಕವಾಗುತ್ತದೆ, ಮಾಸ್ಕಿನ ತಿದ್ದುಪಡಿ ಬೇಡ.

ಯಾವ ಮಾರ್ಗದಲ್ಲಿ ಹೋದರೂ ಮಸುಕು ಸವಾರನ ಮೇಲಿನ ಫೋಟೋದ ಸಣ್ಣ ಕಾಳುಗಳನ್ನೂ ಅಳಿಸಿಹಾಕುತ್ತದೆ. ಮುಸ್ಸಂಜೆಯ ಚಿತ್ರದಲ್ಲಿ ರಸ್ತೆ, ಗೋಡೆಯ ಮೇಲೆಲ್ಲ ಕಾಳು ಕಾಳಾಗಿದ್ದು ಸವಾರನೊಬ್ಬ ನುಣ್ಣಗಿದ್ದರೆ ಗುಟ್ಟು ಬಯಲು. ಕಾಳು ಹುಟ್ಟುವುದು ಕ್ಯಾಮೆರಾದ ಸೆನ್ಸರಿನಲ್ಲಿ, ಅದು ಓಡುವುದಿಲ್ಲ. ಆದ್ದರಿಂದ ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಸವಾರನ ಮೇಲೆ ಮಾತ್ರ ಅಷ್ಟೇ ಪ್ರಮಾಣದ ಕಾಳನ್ನು ಸೇರಿಸಬೇಕು.

ನಡುಹಗಲಿನ ಬಿಸಿಲಿನಲ್ಲಿ ತೆಗೆದ ಮೊಬೈಲ್ ಫೋಟೋಗಳಲ್ಲಿ ಷಟರ್ 1/1000 ಸೆಕೆಂಡು, ಅದಕ್ಕಿಂತಲೂ ಕಡಿಮೆ ಇರುವುದು ಸಾಮಾನ್ಯ. ಅಷ್ಟರಲ್ಲಿ ಅದೇ ಸೈಕಲ್ಲು 4 ಮಿಲಿಮೀಟರ್ ಸರಿಯುತ್ತದೆ. ಅಡ್ಡ ದಾಟುವಾಗಲೂ ಅದು ಒಂದು ಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚು, ರಸ್ತೆಯ ಉದ್ದಕ್ಕೆ ಬರುವಾಗ ಅರ್ಧ ಪಿಕ್ಸೆಲ್ಲೂ ಇಲ್ಲ. ಅಂಥ ಬೀದಿಯಲ್ಲಿ ಸ್ಕೂಟರು, ಬಸ್ಸು ಎಲ್ಲವೂ ಚೊಕ್ಕವಾಗಿ ನಿಂತಿರುತ್ತವೆ. ಅಲ್ಲಿಗೆ ಸೇರಿಸುವ ಸವಾರನನ್ನು ಹಾಗೆಯೇ ಬಿಡುವುದು ಸರಿ. ಮಸುಕು ಹಾಕಿದರೆ ಅವನೊಬ್ಬನೇ ಬೇರೆ ಕ್ಯಾಮೆರಾದಿಂದ ಬಂದವನಂತೆ ಕಾಣುತ್ತಾನೆ.